ಓರೆ ಸಮತಲದ ಮೇಲಿನ ಪ್ರತಿಬಲ ಮತ್ತು ಪ್ರಧಾನ ಪ್ರತಿಬಲಗಳು: ಮೋರ್ ವೃತ್ತದ ವಿಧಾನ

ಹೊರೆ ಹೊತ್ತ ಲೋಹದ ತಟ್ಟೆಯೊಂದರ ಒಂದು ಬಿಂದುವಿನಲ್ಲಿ ಪ್ರತಿಬಲ ಎಷ್ಟಿದೆ ಎಂದು ಕೇಳಿದರೆ, ಯಾವ ಸಮತಲದ ಮೇಲೆ ಎಂಬುದನ್ನು ಹೇಳದೆ ಉತ್ತರ ಕೊಡಲಾಗದು. ಬಿಂದು ಅದೇ ಆಗಿದ್ದರೂ ಅದರ ಮೂಲಕ ಹಾಯುವ ಸಮತಲವನ್ನು ತಿರುಗಿಸಿದಂತೆಲ್ಲ, ಅದಕ್ಕೆ ಲಂಬವಾಗಿರುವ ಪ್ರತಿಬಲವೂ ಅದರ ಉದ್ದಕ್ಕೂ ಇರುವ ಷಿಯರ್ ಪ್ರತಿಬಲವೂ ಬದಲಾಗುತ್ತವೆ. ಓರೆಯಾಗಿ ಕತ್ತರಿಸಿದ ಪುಟ್ಟ ತ್ರಿಕೋನ ತುಂಡಿನ ಮೇಲಿನ ಬಲಗಳನ್ನು ಸಮತೋಲನಕ್ಕೆ ತಂದರೆ ಈ ಎರಡು ಸೂತ್ರಗಳು ದೊರೆಯುತ್ತವೆ:

```
σn = (σx + σy)/2 + (σx − σy)/2 · cos 2θ + τxy · sin 2θ
τn = −(σx − σy)/2 · sin 2θ + τxy · cos 2θ
```

ಇಲ್ಲಿ σx, σy ಎಂಬವು x ಮತ್ತು y ದಿಕ್ಕಿನ ಲಂಬ ಪ್ರತಿಬಲಗಳು, τxy ಆ ಮುಖಗಳ ಮೇಲಿನ ಷಿಯರ್; σn, τn ಎಂಬವು ಓರೆ ಸಮತಲದ ಮೇಲಿನ ಲಂಬ ಮತ್ತು ಷಿಯರ್ ಪ್ರತಿಬಲಗಳು. θ ಎಂಬುದು x ಅಕ್ಷದಿಂದ ಸಮತಲದ ಲಂಬರೇಖೆಗೆ ಅಪ್ರದಕ್ಷಿಣವಾಗಿ ಅಳೆದ ಕೋನ. ಸಮತಲದ್ದೇ ಓರೆ ಎಂದು ಇದನ್ನು ತಿಳಿದರೆ ಮುಂದಿನದೆಲ್ಲ 90 ಡಿಗ್ರಿ ತಪ್ಪುತ್ತದೆ. ಮೊದಲ ಸೂತ್ರದಲ್ಲಿ ಸರಾಸರಿಯನ್ನು ಎಡಕ್ಕೆ ಸರಿಸಿ, ಎರಡೂ ಸಮೀಕರಣಗಳನ್ನು ವರ್ಗ ಮಾಡಿ ಕೂಡಿದರೆ θ ಅಳಿಸಿಹೋಗಿ ವೃತ್ತದ ಸಮೀಕರಣ ಉಳಿಯುತ್ತದೆ. ಜರ್ಮನಿಯ ಎಂಜಿನಿಯರ್ ಕ್ರಿಸ್ಟಿಯಾನ್ ಒಟ್ಟೊ ಮೋರ್ 1882ರಲ್ಲಿ ವಿವರಿಸಿದ ಈ ವೃತ್ತಕ್ಕೆ ಅವರದೇ ಹೆಸರು ನಿಂತಿದೆ. ಪರಸ್ಪರ ಲಂಬವಾಗಿರುವ ಎರಡು ಸಮತಲಗಳು ವೃತ್ತದ ಮೇಲೆ ಒಂದೇ ವ್ಯಾಸದ ಎರಡು ತುದಿಗಳಾಗುತ್ತವೆ. ಅಂದರೆ ವಸ್ತುವಿನಲ್ಲಿ 90 ಡಿಗ್ರಿ ತಿರುಗಿದರೆ ವೃತ್ತದಲ್ಲಿ 180 ಡಿಗ್ರಿ ತಿರುಗಿದಂತೆ.

ಈಗ ಒಂದು ಲೆಕ್ಕವನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸೋಣ. ತೆಳುವಾದ ತಟ್ಟೆಯೊಂದರ ಒಂದು ಬಿಂದುವಿನಲ್ಲಿ x ದಿಕ್ಕಿನಲ್ಲಿ 100 ಮೆಗಾಪ್ಯಾಸ್ಕಲ್ ಎಳೆತ, y ದಿಕ್ಕಿನಲ್ಲಿ 20 ಮೆಗಾಪ್ಯಾಸ್ಕಲ್ ಸಂಪೀಡನ, ಬಲಬದಿಯ ಮುಖದ ಮೇಲೆ ಮೇಲ್ಮುಖವಾಗಿ 25 ಮೆಗಾಪ್ಯಾಸ್ಕಲ್ ಷಿಯರ್ ಇವೆ ಎಂದುಕೊಳ್ಳಿ. ಷಿಯರ್ ಸೊನ್ನೆಯಾಗಿರುವ ಸಮತಲಗಳ ಮೇಲಿನ ಲಂಬ ಪ್ರತಿಬಲಗಳಾದ ಪ್ರಧಾನ ಪ್ರತಿಬಲಗಳನ್ನೂ, ಲಂಬರೇಖೆಯು x ಅಕ್ಷದಿಂದ ಅಪ್ರದಕ್ಷಿಣವಾಗಿ 30 ಡಿಗ್ರಿ ಓರೆಯಾಗಿರುವ ಸಮತಲದ ಮೇಲಿನ ಪ್ರತಿಬಲಗಳನ್ನೂ ಕಂಡುಹಿಡಿಯಬೇಕು.

ಕೈವಾರ ಹಿಡಿಯುವ ಮೊದಲು ಚಿಹ್ನೆಯ ನಿಯಮವನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು, ಏಕೆಂದರೆ ಈ ವಿಧಾನದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ. ಎಳೆತವನ್ನು ಮೂಲಬಿಂದುವಿನ ಬಲಕ್ಕೆ, ಸಂಪೀಡನವನ್ನು ಎಡಕ್ಕೆ ಗುರುತಿಸುತ್ತೇವೆ. ತುಂಡನ್ನು ಅಪ್ರದಕ್ಷಿಣವಾಗಿ ತಿರುಗಿಸಲು ಹವಣಿಸುವ ಷಿಯರ್ ಅನ್ನು ಅಕ್ಷದ ಕೆಳಗೆ, ಪ್ರದಕ್ಷಿಣವಾಗಿ ತಿರುಗಿಸುವುದನ್ನು ಮೇಲೆ ಗುರುತಿಸುತ್ತೇವೆ. ಹೀಗೆ ಮಾಡಿದರೆ ತಟ್ಟೆಯಲ್ಲಿ ಯಾವ ಕಡೆ ತಿರುಗುತ್ತೇವೆಯೋ ವೃತ್ತದಲ್ಲೂ ಅದೇ ಕಡೆ ತಿರುಗಬಹುದು. ಷಿಯರ್ ಅನ್ನು ತಿರುವುಮುರುವಾಗಿ ಗುರುತಿಸುವ ಪದ್ಧತಿಯೂ ಉಂಟು; ಎರಡೂ ಸರಿಯೇ, ಆದರೆ ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸಬಾರದು.

1 ಸೆಂಟಿಮೀಟರ್‌ಗೆ 10 ಮೆಗಾಪ್ಯಾಸ್ಕಲ್ ಎಂಬ ಪ್ರಮಾಣ ಇಟ್ಟುಕೊಳ್ಳಿ. ಮೂಲಬಿಂದುವಿನಿಂದ ಬಲಕ್ಕೆ 10 ಸೆಂಟಿಮೀಟರ್, ಕೆಳಕ್ಕೆ 2.5 ಸೆಂಟಿಮೀಟರ್ ಅಳೆದು X ಬಿಂದುವನ್ನು ಗುರುತಿಸಿ. ಎಡಕ್ಕೆ 2 ಸೆಂಟಿಮೀಟರ್, ಮೇಲಕ್ಕೆ 2.5 ಸೆಂಟಿಮೀಟರ್ ಅಳೆದು Y ಬಿಂದುವನ್ನು ಗುರುತಿಸಿ. XY ರೇಖೆ ಅಡ್ಡ ಅಕ್ಷವನ್ನು 40 ಮೆಗಾಪ್ಯಾಸ್ಕಲ್‌ನ ಬಳಿ ಕತ್ತರಿಸುತ್ತದೆ. ಅದೇ ಕೇಂದ್ರ C. CX ಅನ್ನು ತ್ರಿಜ್ಯವಾಗಿಟ್ಟು ವೃತ್ತ ಎಳೆಯಿರಿ. ಅಳತೆಪಟ್ಟಿ 6.5 ಸೆಂಟಿಮೀಟರ್ ತೋರಿಸಬೇಕು, ಏಕೆಂದರೆ 60 ಮತ್ತು 25ರ ವರ್ಗಗಳ ಮೊತ್ತ 65ರ ವರ್ಗಕ್ಕೆ ಸಮ.

ವೃತ್ತವು ಅಡ್ಡ ಅಕ್ಷವನ್ನು ಕತ್ತರಿಸುವ ಜಾಗಗಳಲ್ಲಿ ಷಿಯರ್ ಸೊನ್ನೆ. ಬಲತುದಿಯಲ್ಲಿ 40 + 65 = 105 ಮೆಗಾಪ್ಯಾಸ್ಕಲ್ ಎಳೆತ, ಎಡತುದಿಯಲ್ಲಿ 40 − 65 = −25, ಅಂದರೆ 25 ಮೆಗಾಪ್ಯಾಸ್ಕಲ್ ಸಂಪೀಡನ; ಇವೇ ಪ್ರಧಾನ ಪ್ರತಿಬಲಗಳು. CX ರೇಖೆಯಿಂದ ಬಲತುದಿಗೆ ಅಪ್ರದಕ್ಷಿಣವಾಗಿರುವ ಕೋನ 22.6 ಡಿಗ್ರಿ. ಅದನ್ನು ಅರ್ಧ ಮಾಡಿದರೆ, ಅತಿ ಹೆಚ್ಚಿನ ಎಳೆತದ ದಿಕ್ಕು ತಟ್ಟೆಯಲ್ಲಿ x ಅಕ್ಷದಿಂದ 11.3 ಡಿಗ್ರಿ ಅಪ್ರದಕ್ಷಿಣವಾಗಿದೆ ಎಂದು ತಿಳಿಯುತ್ತದೆ.

ಓರೆ ಸಮತಲಕ್ಕಾಗಿ CX ರೇಖೆಯಿಂದ ಕೋನಮಾಪಕದಲ್ಲಿ ಅಪ್ರದಕ್ಷಿಣವಾಗಿ 60 ಡಿಗ್ರಿ ಅಳೆದು N ಬಿಂದುವನ್ನು ಪಡೆಯಿರಿ. ಅದು ಅಕ್ಷದಿಂದ 37.4 ಡಿಗ್ರಿ ಮೇಲಿರುತ್ತದೆ. ಅಲ್ಲಿ ಲಂಬ ಪ್ರತಿಬಲ 91.7 ಮೆಗಾಪ್ಯಾಸ್ಕಲ್ ಎಳೆತ; ಷಿಯರ್ 39.5 ಮೆಗಾಪ್ಯಾಸ್ಕಲ್. N ಅಕ್ಷದ ಮೇಲ್ಗಡೆ ಇರುವುದರಿಂದ ಈ ಷಿಯರ್ ತುಂಡನ್ನು ಪ್ರದಕ್ಷಿಣವಾಗಿ ತಿರುಗಿಸುತ್ತದೆ. ಸೂತ್ರದಲ್ಲಿ 30 ಡಿಗ್ರಿ ಹಾಕಿದರೂ 40 + 30 + 21.65 = 91.65 ಮತ್ತು −51.96 + 12.5 = −39.46 ಬರುತ್ತವೆ; ಸೂತ್ರದಲ್ಲಿ ಋಣ ಚಿಹ್ನೆಯು ಪ್ರದಕ್ಷಿಣ ಷಿಯರ್ ಅನ್ನೇ ಸೂಚಿಸುತ್ತದೆ. ಕೈಯಿಂದ ಎಳೆದ ವೃತ್ತ ಒಂದು ಮಿಲಿಮೀಟರ್ ಆಚೀಚೆ ಆದರೆ ಒಂದು ಮೆಗಾಪ್ಯಾಸ್ಕಲ್ ಆಚೀಚೆ ಆಗುವುದು ಸಹಜ.

ವೃತ್ತದ ತುತ್ತತುದಿಯ ಬಿಂದು ಗರಿಷ್ಠ ಷಿಯರ್ ಅನ್ನು, ಇಲ್ಲಿ 65 ಮೆಗಾಪ್ಯಾಸ್ಕಲ್ ಅನ್ನು, ಕೊಡುತ್ತದೆ. ಆ ಸಮತಲದ ಮೇಲೆ ಲಂಬ ಪ್ರತಿಬಲ ಸೊನ್ನೆಯಾಗಿರದೆ 40 ಇರುತ್ತದೆ ಎಂಬುದನ್ನು ಗಮನಿಸಬೇಕು. ಆದರೆ ತಟ್ಟೆಯ ಮೇಲ್ಮೈಗೆ ಲಂಬವಾದ ಮೂರನೆಯ ಪ್ರಧಾನ ಪ್ರತಿಬಲ ಸೊನ್ನೆ ಎಂಬುದನ್ನು ಮರೆಯುವಂತಿಲ್ಲ. ನಮ್ಮ ಲೆಕ್ಕದಲ್ಲಿ ಸೊನ್ನೆಯು 105 ಮತ್ತು −25ರ ನಡುವೆ ಬರುವುದರಿಂದ 65 ಎಂಬ ಉತ್ತರಕ್ಕೆ ತೊಂದರೆಯಿಲ್ಲ. ತಟ್ಟೆಯ ಸಮತಲದ ಎರಡೂ ಪ್ರಧಾನ ಪ್ರತಿಬಲಗಳು ಎಳೆತವೇ ಆಗಿ, ಉದಾಹರಣೆಗೆ 100 ಮತ್ತು 40 ಆಗಿದ್ದರೆ, ಅವುಗಳ ವೃತ್ತ 30 ಎಂದು ತೋರಿಸುತ್ತದೆ. ನಿಜವಾದ ಗರಿಷ್ಠ ಷಿಯರ್ ಮಾತ್ರ 100 ಮತ್ತು ಸೊನ್ನೆಯ ನಡುವೆ ಎಳೆದ ವೃತ್ತದ ತ್ರಿಜ್ಯವಾದ 50 ಮೆಗಾಪ್ಯಾಸ್ಕಲ್ ಆಗಿರುತ್ತದೆ.