ಪುಟ 47ರ ಬ್ಲೌಸ್ ಅಳತೆ, ಸೆಂಟಿಮೀಟರಿನಲ್ಲಿ

ಅಕ್ಕಾ, ನಮಸ್ಕಾರ. ಮ್ಯೂನಿಕ್‌ನಲ್ಲಿ ನಿಮ್ಮ ಹತ್ತಿರ ರೇಷ್ಮೆ ಬ್ಲೌಸ್ ಹೊಲಿಯಲು ಕೊಟ್ಟವರ ಅಳತೆ ಇದು. ನಮ್ಮ ದಾವಣಗೆರೆ ಅಂಗಡಿಯ ಪುಸ್ತಕದಲ್ಲಿ ಇಂಚಿನಲ್ಲಿದ್ದದ್ದನ್ನು 2.54ರಿಂದ ಗುಣಿಸಿ ಬರೆದಿದ್ದೇನೆ.

ಉದ್ದ 14½ – 36.8
ಭುಜ 14 – 35.6
ಎದೆ 36 – 91.4
ಎದೆಯ ಕೆಳಗೆ 30½ – 77.5
ಭುಜದಿಂದ ಡಾರ್ಟ್ ಪಾಯಿಂಟ್ 10 – 25.4
ಎರಡು ಪಾಯಿಂಟ್ ನಡುವೆ 7¼ – 18.4
ಆರ್ಮ್‌ಹೋಲ್ ಸುತ್ತ 16 – 40.6
ತೋಳಿನ ಉದ್ದ 9½ – 24.1
ತೋಳಿನ ತುದಿ ಸುತ್ತ 11 – 27.9
ಮುಂದಿನ ಕತ್ತು 7 – 17.8
ಹಿಂದಿನ ಕತ್ತು 8½ – 21.6

ಪುಟದ ಫೋಟೋದಲ್ಲಿ 7ರ ಪಕ್ಕ ಒಂದು ಗೀಟು ಇದ್ದರೆ ಏಳೂಕಾಲು, 14ರ ಪಕ್ಕ ಎರಡು ಗೀಟು ಇದ್ದರೆ ಹದಿನಾಲ್ಕೂವರೆ. ಅದನ್ನು 7.1 ಎಂದು ಓದಿದರೆ ಡಾರ್ಟ್ ಜಾಗ ತಪ್ಪುತ್ತದೆ.

ಎದೆ ಮತ್ತು ಎದೆಯ ಕೆಳಗಿನದು ಮೈಯಳತೆ, ಸಡಿಲ ಸೇರಿಲ್ಲ. ಉಳಿದದ್ದೆಲ್ಲ ಹೊಲಿದು ಮುಗಿದಾಗ ಬರಬೇಕಾದ ಅಳತೆ. ಇವರಿಗೆ ಎದೆಗೆ ಒಂದೂವರೆ ಇಂಚು, ಅಂದರೆ 3.8 ಸಡಿಲ ಕೊಡುತ್ತೇವೆ: 91.4 + 3.8 = 95.2, ಕಾಲು ಭಾಗ 23.8. ಅದರ ಮೇಲೆ ಪಕ್ಕದ ಹೊಲಿಗೆಗೆ 2.5. ಹುಕ್ಕಿನ ಪಟ್ಟಿ ಬೇರೆ. ಲೆಕ್ಕಕ್ಕೆ ಸುಲಭ ಅಂತ ಇಂಚಿಗೆ 2.5 ಹಿಡಿಯಬೇಡಿ. ಎದೆ 90ಕ್ಕೆ ಇಳಿದು 1.4 ಸೆಂ.ಮೀ. ಕಡಿಮೆಯಾಗುತ್ತದೆ, ಕೂತಾಗ ಹುಕ್ಕುಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಮೊದಲು ಪೂರ್ತಿ ಅಳತೆಯನ್ನು ಸೆಂಟಿಮೀಟರಿಗೆ ಬದಲಿಸಿ, ಆಮೇಲೆ ನಾಲ್ಕರಿಂದ ಭಾಗಿಸಿ, ಕೊನೆಗೆ ಮಾತ್ರ ದಶಾಂಶವನ್ನು ಸರಿಹೊಂದಿಸಿ. ಕಾಲು ಭಾಗದಲ್ಲಿ 2 ಮಿ.ಮೀ. ತಪ್ಪಿದರೆ ಸುತ್ತಿನಲ್ಲಿ 8 ಮಿ.ಮೀ. ಆಗುತ್ತದೆ.

ಆದರೆ ಭುಜದ ಹೊಲಿಗೆಗೆ ನಾವು ಬಿಡುವ ಅರ್ಧ ಇಂಚನ್ನು, ಅಂದರೆ 1.3 ಅನ್ನು, ನೀವು 1.5 ಮಾಡಿಯೇ ಕತ್ತರಿಸಿ. ಅಲ್ಲಿನ ಮೆಷಿನ್ ಪ್ಲೇಟಿನಲ್ಲಿ 15 ಮಿ.ಮೀ. ಗೆರೆ ಇರುತ್ತದೆ. 1.3 ಬಿಟ್ಟು ಆ ಗೆರೆಗೆ ಹೊಲಿದರೆ ಮುಂದೆ, ಹಿಂದೆ ಎರಡೂ ಕಡೆ ಉದ್ದ ತಿಂದುಹೋಗುತ್ತದೆ. ಕತ್ತಿನ ಸುತ್ತ 0.6 ಸಾಕು.

ಚೀಲದ ಮೇಲೆ ಬರೀ '36' ಎಂದು ಬರೆಯಬೇಡಿ. ಜರ್ಮನ್ ಸೈಜ್ 36 ಎಂದರೆ ಎದೆ 84 ಸೆಂ.ಮೀ. ಆ ಪ್ಯಾಟರ್ನ್ ಇಟ್ಟು ಕತ್ತರಿಸಿದರೆ ಏಳು ಸೆಂ.ಮೀ.ಗೂ ಮೀರಿ ಚಿಕ್ಕದಾಗಿ ಬಂದು ಬಟ್ಟೆಯೇ ಹಾಳು. ಇವರ ಎದೆಗೆ ಹತ್ತಿರದ್ದು ಸೈಜ್ 40, ಅದು 92.

ಟೇಪನ್ನೂ ನೋಡಿಕೊಳ್ಳಿ. ಎರಡೂ ಬದಿಯ ಅಂಕಿ ಒಂದೇ ತುದಿಯಿಂದ ಶುರುವಾಗಿದ್ದರೆ 10 ಇಂಚಿನ ಹಿಂಬದಿಯಲ್ಲಿ 25.4 ಬರಬೇಕು. ಬರದಿದ್ದರೆ ಆ ಟೇಪ್ ಬೇಡ.

ಲೈನಿಂಗ್ ಕಾಟನ್ ಆದರೆ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಕತ್ತರಿಸಿ. ರೇಷ್ಮೆಗೆ ಕತ್ತರಿ ಹಾಕುವ ಮುಂಚೆ ಲೈನಿಂಗನ್ನು ಕಚ್ಚಾ ಹೊಲಿಗೆಯಲ್ಲಿ ಕೂಡಿಸಿ ಅವರಿಗೆ ತೊಡಿಸಿ, ಕೈ ಮೇಲೆತ್ತಿಸಿ ಆರ್ಮ್‌ಹೋಲ್ ನೋಡಿ. ಅಲ್ಲಿ ಎಳೆದರೆ ನನಗೆ ಫೋಟೋ ಕಳಿಸಿ.