ಯುಗಾದಿ ಕುರ್ತಾ ಸೆಟ್‌ಗಳು: ಯಾವ ಕೋಡ್‌ನಲ್ಲಿ ಏನೇನು ಬರುತ್ತದೆ

ಯುಗಾದಿಗೆ ಹೊಸ ಸರಕು ಬಂದಿದೆ. ತುಮಕೂರಿನಲ್ಲೇ ಇರುವವರು ಎಂ.ಜಿ. ರಸ್ತೆಯ ಅಂಗಡಿಗೆ ಬಂದು ಬಟ್ಟೆ ಮುಟ್ಟಿ ನೋಡಿಕೊಳ್ಳಬಹುದು, ಅವರಿಗೆ ಇಷ್ಟೆಲ್ಲ ಓದುವ ಕೆಲಸ ಇಲ್ಲ. ತಿಪಟೂರು, ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಫೋಟೋ ನೋಡಿ ಆರ್ಡರ್ ಮಾಡುವವರು ದಯವಿಟ್ಟು ಪೂರ್ತಿ ಓದಿ.

ಫೋಟೋ ಕಂಪನಿಯಿಂದ ಬರುತ್ತದೆ. ಮಾಡೆಲ್ ಹಾಕಿಕೊಂಡ ಓಲೆ, ಚಪ್ಪಲಿ ನಮ್ಮದಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಹೆಗಲ ಮೇಲಿನ ವೇಲ್, ಕೆಳಗಿನ ಪ್ಯಾಂಟ್ ಕೂಡ ಎಷ್ಟೋ ಸಲ ಸೆಟ್‌ಗೆ ಸೇರಿರುವುದಿಲ್ಲ. "ಸೆಟ್ ಅಂದ್ರೆ ಮೂರೂ ಬರುತ್ತೆ ಅಲ್ವಾ ಅಕ್ಕ?" ಅಂತ ದಿನಾ ಕೇಳುತ್ತೀರಿ. ಯಾವಾಗಲೂ ಬರುವುದಿಲ್ಲ. ಅದಕ್ಕೇ ಪ್ರತಿ ಕೋಡ್‌ನ ಮೊದಲ ಸಾಲಿನಲ್ಲೇ ಪ್ಯಾಕೆಟ್ ಒಳಗೆ ಇರುವುದನ್ನು ಬರೆದಿದ್ದೇವೆ. ಅಲ್ಲಿ ಹೆಸರಿಲ್ಲದ್ದು ಬರುವುದಿಲ್ಲ.

ಕೋಡ್ 101. ಕಾಟನ್ ಬ್ಲಾಕ್ ಪ್ರಿಂಟ್, 3 ಪೀಸ್. ₹1,450

ಪ್ಯಾಕೆಟ್‌ನಲ್ಲಿ: ಟಾಪ್, ಪ್ಯಾಂಟ್, ಮಲ್‌ಮಲ್ ವೇಲ್.

ಜೈಪುರದ ಹತ್ತಿರದ ಸಾಂಗಾನೇರ್ ಶೈಲಿಯ ಹೂವಿನ ಪ್ರಿಂಟ್. ಮರದ ಅಚ್ಚಿನಿಂದ ಕೈಯಲ್ಲೇ ಒತ್ತಿದ್ದು. ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಕಡೆ ಗೆರೆ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಒಂದು ಹೂವಿನಲ್ಲಿ ಬಣ್ಣ ಗಾಢ, ಪಕ್ಕದ್ದರಲ್ಲಿ ತೆಳು ಇರಬಹುದು. ಕೈಕೆಲಸ ಇರುವುದೇ ಹಾಗೆ. ಇದನ್ನು ಡ್ಯಾಮೇಜ್ ಅಂತ ವಾಪಸ್ ತೆಗೆದುಕೊಳ್ಳುವುದಿಲ್ಲ.

ಲೈನಿಂಗ್ ಇಲ್ಲ. ನೀಲಿ ಮತ್ತು ಮೆರೂನ್ ಬಣ್ಣಕ್ಕೆ ಬೇಕಾಗುವುದೂ ಇಲ್ಲ. ಬಿಳಿ ನೆಲದ ಮೇಲೆ ಕೆಂಪು ಹೂವು ಇರುವುದು ಮಾತ್ರ ಬಿಸಿಲಿನಲ್ಲಿ ಸ್ವಲ್ಪ ಒಳಗಡೆ ಕಾಣುತ್ತದೆ, ಮೈಬಣ್ಣದ ಸ್ಲಿಪ್ ಹಾಕಿಕೊಳ್ಳಿ.

ಟಾಪ್ ಉದ್ದ 46 ಇಂಚು, ಮುಕ್ಕಾಲು ತೋಳು, ಬಲಗಡೆ ಒಂದು ಜೇಬು. ಪ್ಯಾಂಟ್ ಉದ್ದ 38 ಇಂಚು, ಸೊಂಟಕ್ಕೆ ಹಿಂದೆ ಎಲಾಸ್ಟಿಕ್, ಮುಂದೆ ಪಟ್ಟಿ. ವೇಲ್ 2.5 ಮೀಟರ್ ಉದ್ದ, 40 ಇಂಚು ಅಗಲ. ಎರಡೂ ಹೆಗಲ ಮೇಲೆ ಹರಡಿಕೊಂಡು ಹಾಕುವವರಿಗೆ ಧಾರಾಳವಾಗಿ ಸಾಕು.

ಮೊದಲ ಎರಡು ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡುತ್ತದೆ. ಕಾಟನ್ ಆದ್ದರಿಂದ ಉದ್ದದಲ್ಲಿ ಒಂದು ಇಂಚಿನವರೆಗೆ ಕುಗ್ಗಬಹುದು. ಎರಡು ಸೈಜ್ ನಡುವೆ ಇರುವವರು ದೊಡ್ಡದನ್ನೇ ತೆಗೆದುಕೊಳ್ಳಿ.

ಕೋಡ್ 104. ರೇಯಾನ್ ಫಾಯಿಲ್ ಪ್ರಿಂಟ್, 2 ಪೀಸ್. ₹799

ಪ್ಯಾಕೆಟ್‌ನಲ್ಲಿ: ಟಾಪ್, ಪ್ಯಾಂಟ್. ವೇಲ್ ಇಲ್ಲ. ಫೋಟೋದಲ್ಲಿ ಹಸಿರು ವೇಲ್ ಇದೆ, ಅದು ಬರುವುದಿಲ್ಲ.

ಟಾಪ್ ಮೇಲೆ ಚಿನ್ನದ ಬಣ್ಣದಲ್ಲಿ ಮಿನುಗುತ್ತಿರುವುದು ಜರಿಯಲ್ಲ, ಎಂಬ್ರಾಯ್ಡರಿಯೂ ಅಲ್ಲ. ಬಟ್ಟೆಯ ಮೇಲೆ ಅಂಟಿಸಿದ ಫಾಯಿಲ್. ನೋಡಲು ಚೆನ್ನಾಗಿದೆ, ಆದರೆ ಒಗೆದಂತೆಲ್ಲ ಮಿನುಗು ಕಡಿಮೆಯಾಗುತ್ತದೆ. ಒಳಮೈ ಹೊರಗೆ ಮಾಡಿ ಒಗೆಯಿರಿ, ಫಾಯಿಲ್ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ, ಅಂಟಿಕೊಳ್ಳುತ್ತದೆ. ಬ್ರಷ್ ಅಂತೂ ಬೇಡವೇ ಬೇಡ.

ಲೈನಿಂಗ್ ಇಲ್ಲ. ರೇಯಾನ್ ದಪ್ಪವಾಗಿದೆ, ಒಳಗೆ ಕಾಣುವುದಿಲ್ಲ. ಕೆಲಸಕ್ಕೆ, ಕಾಲೇಜಿಗೆ ಸರಿ. ಮದುವೆಗೆ ಅಂತ ತೆಗೆದುಕೊಳ್ಳಬೇಡಿ.

ಕೋಡ್ 108. ಚಂದೇರಿ ಪಾರ್ಟಿವೇರ್, 3 ಪೀಸ್. ₹2,350

ಪ್ಯಾಕೆಟ್‌ನಲ್ಲಿ: ಟಾಪ್, ಸ್ಯಾಂಟೂನ್ ಪ್ಯಾಂಟ್, ಆರ್ಗಂಜಾ ವೇಲ್.

ಈ ಸಲ ಜಾಸ್ತಿ ಪ್ರಶ್ನೆ ಬಂದಿರುವುದು ಇದರ ಬಗ್ಗೆಯೇ. ಮೊದಲು ಬಟ್ಟೆ ವಿಷಯ. ಇದು ಮಿಲ್‌ನಲ್ಲಿ ನೇಯ್ದ ಚಂದೇರಿ. ಮಧ್ಯಪ್ರದೇಶದ ಚಂದೇರಿ ಊರಿನ ಕೈಮಗ್ಗದ ಬಟ್ಟೆ ಈ ಬೆಲೆಗೆ ಸಿಗುವುದಿಲ್ಲ, ಹಾಗೆ ಹೇಳಿ ಮಾರುವವರನ್ನು ನಂಬಬೇಡಿ. ಪ್ಯೂರ್ ಸಿಲ್ಕ್ ಕೂಡ ಅಲ್ಲ. ಹೊಳಪು ಮಾತ್ರ ಹಾಗೇ ಇದೆ.

ಕೆಲಸ: ಕತ್ತಿನ ಸುತ್ತ ಮತ್ತು ಎದೆಯ ಮೇಲೆ ಸುಮಾರು 9 ಇಂಚು ಉದ್ದದವರೆಗೆ ಕಂಪ್ಯೂಟರ್ ಎಂಬ್ರಾಯ್ಡರಿ. ಜರಿ ದಾರ, ನಡುನಡುವೆ ಚಮಕಿ. ಚಮಕಿಯನ್ನೂ ಮಷೀನೇ ಹೊಲಿದಿದೆ, ಅಂಟಿಸಿದ್ದಲ್ಲ, ಹಾಗಾಗಿ ಸುಲಭವಾಗಿ ಉದುರುವುದಿಲ್ಲ. ತೋಳಿನ ತುದಿಗೆ ಎರಡು ಇಂಚಿನ ಪಟ್ಟಿಯಲ್ಲಿ ಅದೇ ಕೆಲಸ. ಬೆನ್ನು ಪೂರ್ತಿ ಪ್ಲೇನ್. ಹಿಂಭಾಗದ ಫೋಟೋ ಕಂಪನಿ ಕೊಟ್ಟಿರಲಿಲ್ಲ, ನಾವೇ ತೆಗೆದು ಹಾಕಿದ್ದೇವೆ, ನಾಲ್ಕನೇ ಫೋಟೋ ನೋಡಿ.

ಲೈನಿಂಗ್ ಇದೆ, ಆದರೆ ಎಲ್ಲೆಲ್ಲಿ ಅನ್ನುವುದು ಮುಖ್ಯ. ಭುಜದಿಂದ ಮಂಡಿಯವರೆಗೆ ಕಾಟನ್ ಲೈನಿಂಗ್. ಅಲ್ಲಿಂದ ಕೆಳಗೆ ನಾಲ್ಕು ಇಂಚು ಇಲ್ಲ. ತೋಳಿಗೂ ಇಲ್ಲ, ಕೈ ಒಳಗಿಂದ ತೆಳುವಾಗಿ ಕಾಣುತ್ತದೆ. ಎಂಬ್ರಾಯ್ಡರಿಯ ಹಿಂಭಾಗ ಲೈನಿಂಗ್ ಒಳಗೆ ಮುಚ್ಚಿಹೋಗಿದೆ, ಜರಿ ಚುಚ್ಚುವುದಿಲ್ಲ. ಪಟ್ಟಿ ಇರುವ ತೋಳಿನ ತುದಿಯಲ್ಲಿ ಮಾತ್ರ ಕೆಲವರಿಗೆ ಕಡಿಯಬಹುದು.

ವೇಲ್ 2.25 ಮೀಟರ್ ಉದ್ದ, 34 ಇಂಚು ಅಗಲ. ನಾಲ್ಕೂ ಅಂಚಿಗೆ ಲೇಸ್ ಇದೆ, ಲೇಸ್ ಸೇರಿಸಿಯೇ ಈ ಅಳತೆ. ಎರಡು ತುದಿಯಲ್ಲಿ ಮಾತ್ರ ಬುಟ್ಟಾ, ನಡುವೆ ಖಾಲಿ. ಆರ್ಗಂಜಾ ಬಿರುಸಾಗಿ ನಿಲ್ಲುವ ಬಟ್ಟೆ. ನೆರಿಗೆ ಮಾಡಿ ಒಂದೇ ಹೆಗಲಿಗೆ ಪಿನ್ ಹಾಕಿದರೆ ಚೆನ್ನಾಗಿ ಕೂರುತ್ತದೆ. ತಲೆ ಮೇಲೆ ಹೊದ್ದುಕೊಳ್ಳುವವರು ಬೇರೆ ಕೋಡ್ ನೋಡಿ, ಇದು ಜಾರುತ್ತದೆ. ಡ್ರೈ ಕ್ಲೀನ್ ಮಾತ್ರ.

ಕೋಡ್ 112. ಕೈ ಕಸೂತಿ, ಟಾಪ್ ಮತ್ತು ವೇಲ್. ₹3,200

ಪ್ಯಾಕೆಟ್‌ನಲ್ಲಿ: ಟಾಪ್, ವೇಲ್. ಪ್ಯಾಂಟ್ ಇಲ್ಲ. ನಿಮ್ಮ ಹತ್ತಿರ ಇರುವ ಕಪ್ಪು ಅಥವಾ ಕೆನೆ ಬಣ್ಣದ ಲೆಗ್ಗಿನ್ಸ್, ಪ್ಯಾಂಟ್ ಯಾವುದಾದರೂ ಹೊಂದುತ್ತದೆ.

ಬೆಲೆ ಯಾಕೆ ಜಾಸ್ತಿ ಅಂದರೆ, ಧಾರವಾಡದ ಕಡೆ ಹೆಣ್ಣುಮಕ್ಕಳು ಕೂತು ಕೈಯಲ್ಲಿ ಹಾಕಿದ ಕಸೂತಿ ಇದು. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಕೊಂಡೇ ಹಾಕುವುದು. ಕತ್ತಿನ ಕೆಳಗೆ ಗೋಪುರ, ಕೆಳ ಅಂಚಿನಲ್ಲಿ ಸಾಲಾಗಿ ನವಿಲು. ಎರಡೂ ಗವಂತಿ ಹೊಲಿಗೆ. ಒಂದು ಎಳೆ ಬಿಟ್ಟು ಬಿಟ್ಟು ಮುಂದೆ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಹಾಗಾಗಿ ಒಳಮೈ ತಿರುಗಿಸಿದರೂ ಅದೇ ನವಿಲು ಕಾಣುತ್ತದೆ, ಗಂಟು ಇರುವುದಿಲ್ಲ. ಮಷೀನ್ ಕಸೂತಿಯಾದರೆ ಹಿಂದೆ ಬಾಬಿನ್ ದಾರ ಕಾಣುತ್ತದೆ, ಕೆಲವು ಸಲ ಅಂಟಿಸಿದ ಪೇಪರ್ ಚೂರೂ ಉಳಿದಿರುತ್ತದೆ. ತೋಳಿನ ಮೇಲಿನ ಚಿಕ್ಕ ಬುಟ್ಟಾ ಮೆಂತೆ ಹೊಲಿಗೆ, ಅಡ್ಡಡ್ಡ ಗುಣಿಸು ಗುರುತಿನಂತೆ. ಅದರ ಹಿಂಭಾಗ ಮುಂದಿನಂತೆ ಇರುವುದಿಲ್ಲ, ಗಾಬರಿ ಬೇಡ.

ಲೈನಿಂಗ್ ಬೇಕೆಂದೇ ಹಾಕಿಸಿಲ್ಲ. ಹಾಕಿದರೆ ಹಿಂದಿನ ಕೆಲಸ ಮುಚ್ಚಿಹೋಗುತ್ತದೆ. ಬಟ್ಟೆ ಗಟ್ಟಿ ಕೈಮಗ್ಗದ ಕಾಟನ್, ಒಳಗೆ ಕಾಣುವುದಿಲ್ಲ.

ವೇಲ್ 2.5 ಮೀಟರ್, ಅಗಲ 36 ಇಂಚು. ಎರಡು ಸೆರಗಿನಲ್ಲಿ ತಲಾ 6 ಇಂಚು ಕಸೂತಿ, ನಡುವೆ ಪ್ಲೇನ್. ತುದಿಯ ಗೊಂಡೆ 2 ಇಂಚು, ಅದನ್ನು ಅಳತೆಗೆ ಸೇರಿಸಿಲ್ಲ.

ಒಗೆಯುವಾಗ ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಕೆಂಪು ದಾರ ಇರುವುದನ್ನು ನೆನೆಸಿ ಇಡಬೇಡಿ.

ಕೋಡ್ 115. ಜಾರ್ಜೆಟ್ ಚಿಕನ್, ಟಾಪ್ ಮತ್ತು ಇನ್ನರ್. ₹1,150

ಪ್ಯಾಕೆಟ್‌ನಲ್ಲಿ: ಟಾಪ್, ಬೇರೆಯಾಗಿ ಹಾಕಿಕೊಳ್ಳುವ ಇನ್ನರ್. ಪಲಾಝೋ ಇಲ್ಲ, ವೇಲ್ ಇಲ್ಲ.

ಟಾಪ್‌ಗೆ ಲೈನಿಂಗ್ ಹೊಲಿದಿಲ್ಲ, ಅದರ ಬದಲು ಇನ್ನರ್ ಕೊಡುತ್ತೇವೆ. ಇನ್ನರ್ ತೋಳಿಲ್ಲದ್ದು, ಮಂಡಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಎಂಬ್ರಾಯ್ಡರಿ ಮಷೀನ್‌ನದು. ಲಖನೌದ ಕೈ ಚಿಕನ್‌ಕಾರಿ ಬೇಕಾದವರು ಕೇಳಿ, ತರಿಸಿಕೊಡುತ್ತೇವೆ, ಬೆಲೆ ಬೇರೆಯೇ. ಹೊಂದುವ ಶಿಫಾನ್ ವೇಲ್ ಬೇಕಾದರೆ ₹250 ಹೆಚ್ಚು: 2.25 ಮೀಟರ್, ಅಗಲ 36 ಇಂಚು, ಪ್ಲೇನ್.

ಕೋಡ್ 120. ಹೊಲಿಯದ ಮೆಟೀರಿಯಲ್. ₹950

ಪ್ಯಾಕೆಟ್‌ನಲ್ಲಿ: ಟಾಪ್ ಬಟ್ಟೆ 2.5 ಮೀಟರ್, ಬಾಟಮ್ ಬಟ್ಟೆ 2.5 ಮೀಟರ್, ವೇಲ್ 2.25 ಮೀಟರ್. ಲೈನಿಂಗ್ ಬಟ್ಟೆ ಇಲ್ಲ, ಹೊಲಿಗೆ ಕೂಲಿ ಇಲ್ಲ. ಟಾಪ್‌ನ ಕತ್ತಿನ ಡಿಸೈನ್ ಪ್ರಿಂಟ್, ಕೆಲಸ ಅಲ್ಲ. ವೇಲ್ ಅಗಲ 36 ಇಂಚು, ಎರಡು ತುದಿಗೂ ಅಂಚು ಹೊಲಿದಿಲ್ಲ, ಟೈಲರ್ ಹತ್ತಿರ ಪೀಕೋ ಮಾಡಿಸಬೇಕು. ತಿಳಿ ಗುಲಾಬಿ ತೆಗೆದುಕೊಂಡರೆ ಲೈನಿಂಗ್ ಹಾಕಿಸಲೇಬೇಕು, ಉಳಿದ ಬಣ್ಣಗಳಿಗೆ ನಿಮ್ಮಿಷ್ಟ.

ಸೈಜ್

101ರಿಂದ 115ರವರೆಗೆ ಎದೆಯ ಅಳತೆ: ಎಂ 38, ಎಲ್ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44 ಇಂಚು. ಇದು ಬಟ್ಟೆಯ ಅಳತೆ, ಮೈ ಅಳತೆ ಅಲ್ಲ. ನಿಮ್ಮ ಎದೆ ಸುತ್ತಳತೆ 38 ಇದ್ದರೆ 40 ತೆಗೆದುಕೊಳ್ಳಿ. ಇನ್ನೂ ಸುಲಭ ಬೇಕಾ? ನಿಮಗೆ ಸರಿಯಾಗಿ ಕೂರುವ ಹಳೇ ಟಾಪ್ ಮಂಚದ ಮೇಲೆ ಹರಡಿ. ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದು, ಬಂದದ್ದನ್ನು ಎರಡರಷ್ಟು ಮಾಡಿ ನಮಗೆ ಹೇಳಿ, ಸೈಜ್ ನಾವೇ ಹೇಳುತ್ತೇವೆ. 108ರಲ್ಲಿ ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟಿದೆ, ಬಿಚ್ಚಿಸಿಕೊಳ್ಳಬಹುದು. 104ರಲ್ಲಿ ಬಿಟ್ಟಿಲ್ಲ, ಬಿಗಿಯಾದರೆ ದಾರಿ ಇಲ್ಲ.

ಬಸುರಿಯರು, ಹಾಲು ಕುಡಿಸುವ ತಾಯಂದಿರು ಕೇಳುತ್ತಿರುತ್ತೀರಿ: ಜಿಪ್ ಇರುವುದು ಇದರಲ್ಲಿ ಯಾವುದೂ ಇಲ್ಲ. 101ರಲ್ಲಿ ಮುಂದೆ ತೆರೆಯುವ ಐದು ಗುಂಡಿ ಇದೆ, ಅದು ನಡೆಯುತ್ತದೆ. ಉಳಿದದ್ದರಲ್ಲಿ ಗುಂಡಿ ಬರೀ ಅಂದಕ್ಕೆ.

ಆರ್ಡರ್, ಬದಲಾವಣೆ

ಕೋಡ್, ಬಣ್ಣ, ಸೈಜ್ ಮೂರನ್ನೂ ಬರೆದು ಈ ಮೆಸೇಜ್‌ಗೇ ಉತ್ತರ ಕೊಡಿ. "ಆ ನೀಲಿದು" ಅಂತ ಕಳಿಸಬೇಡಿ, ನೀಲಿ ಮೂರು ಕೋಡ್‌ನಲ್ಲಿದೆ. ಕ್ಯಾತ್ಸಂದ್ರ, ಬಟವಾಡಿ ಸೇರಿ ಊರೊಳಗೆ ಡೆಲಿವರಿ ಫ್ರೀ. ಹೊರಗಿನ ಊರಿಗೆ ₹60.

ಪ್ಯಾಕೆಟ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ಒಂದು ಪೀಸ್ ಕಡಿಮೆ ಇದ್ದರೆ, ಹರಿದಿದ್ದರೆ ಮೂರು ದಿನದೊಳಗೆ ತಿಳಿಸಿ, ಹೋಗಿಬರುವ ಖರ್ಚು ನಮ್ಮದು. ಸೈಜ್ ಸರಿ ಬರದಿದ್ದರೆ ಬದಲಾಯಿಸುತ್ತೇವೆ, ಕೊರಿಯರ್ ಖರ್ಚು ನಿಮ್ಮದು. ಒಗೆದದ್ದು, ಸುಗಂಧ ಹಾಕಿದ್ದು, ಟ್ಯಾಗ್ ಕಿತ್ತದ್ದು ಆಗುವುದಿಲ್ಲ. ವೇಲ್ ಒಂದನ್ನೇ ವಾಪಸ್ ಕೊಟ್ಟು ದುಡ್ಡು ಕೇಳಬೇಡಿ, ಸೆಟ್ ಒಡೆಯುವುದಿಲ್ಲ.

ಮೊಬೈಲ್‌ನಲ್ಲಿ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ. ಹೆಚ್ಚು ವ್ಯತ್ಯಾಸ ಇರುವುದು 108ರ ಹಳದಿಯಲ್ಲಿ: ಫೋಟೋದಲ್ಲಿ ನಿಂಬೆ ಹಳದಿ, ನಿಜಕ್ಕೂ ಅರಿಶಿನದ್ದು. ಬೇಕಾದರೆ ಹಗಲು ಬೆಳಕಿನಲ್ಲಿ ವಿಡಿಯೋ ಕಾಲ್ ಮಾಡಿ ತೋರಿಸುತ್ತೇವೆ, ಬೆಳಗ್ಗೆ 11ರಿಂದ ಮಧ್ಯಾಹ್ನ 1ರೊಳಗೆ. ಸಂಜೆ ಅಂಗಡಿಯಲ್ಲಿ ಗಿರಾಕಿ ಜಾಸ್ತಿ, ಆಗುವುದಿಲ್ಲ.

112ರಲ್ಲಿ ಬೂದು ಬಣ್ಣ ಎಲ್ ಸೈಜ್ ಒಂದೇ ಉಳಿದಿದೆ. ಕೆಂಪು ಎಲ್ಲ ಸೈಜ್‌ನಲ್ಲೂ ಇದೆ.