ಶಾಲೆಗೂ ಮದುವೆಗೂ ನಡುವಿನ ವರ್ಷಗಳು: ಬಾಲ್ಯವಿವಾಹ ಮತ್ತು ಹೆಣ್ಣುಮಕ್ಕಳ ಓದು

ಮದುವೆ ಗೊತ್ತಾಯಿತು, ಅದಕ್ಕೇ ಹುಡುಗಿ ಶಾಲೆ ಬಿಟ್ಟಳು ಎನ್ನುತ್ತೇವೆ. ಎಷ್ಟೋ ಸಲ ಆಗುವುದು ಇದರ ಉಲ್ಟಾ. ಮೊದಲು ಓದು ನಿಲ್ಲುತ್ತದೆ. ಹುಡುಗಿ ಮನೆಯಲ್ಲಿ ಸುಮ್ನೆ ಕೂತಿದ್ದಾಳೆ ಎಂಬ ಮಾತು ಶುರುವಾಗುತ್ತದೆ. ಆಮೇಲೆ ಗಂಡು ಹುಡುಕುತ್ತಾರೆ. ಹಾಗಾಗಿ ಮದುವೆಯ ದಿನಕ್ಕಿಂತ ಅದರ ಮುಂಚಿನ ವರ್ಷಗಳನ್ನೇ ಇಲ್ಲಿ ಜಾಸ್ತಿ ನೋಡಿದ್ದೇನೆ.

ಯುನಿಸೆಫ್ ಲೆಕ್ಕದಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1.2 ಕೋಟಿ ಹುಡುಗಿಯರಿಗೆ 18 ತುಂಬುವ ಮೊದಲೇ ಮದುವೆಯಾಗುತ್ತಿದೆ. ಕಾನೂನು ಇಲ್ಲ ಅಂತಲ್ಲ. ಭಾರತದಲ್ಲಿ 1929ರಲ್ಲೇ ಕಾಯ್ದೆ ಬಂತು. 1978ರ ತಿದ್ದುಪಡಿಯಿಂದ ಹುಡುಗಿಯ ಮದುವೆ ವಯಸ್ಸು 18 ಆಯಿತು. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಉಚಿತ, ಕಡ್ಡಾಯ ಓದಿನ ಭರವಸೆ ಕೊಡುವುದು 14ರವರೆಗೆ ಮಾತ್ರ. ನಡುವಿನ ನಾಲ್ಕು ವರ್ಷ ಅವಳನ್ನು ಕಾಯುವವರು ಯಾರು? ಅಪಾಯವೆಲ್ಲ ಇರುವುದು ಅಲ್ಲೇ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಇಂಥ ಮದುವೆ ಸಾಮಾನ್ಯವಾಗಿ ತಾನಾಗಿ ರದ್ದಾಗುವುದಿಲ್ಲ, ಕೋರ್ಟಿಗೆ ಹೋಗಬೇಕು. ಕೈಯಲ್ಲಿ ದುಡ್ಡಿಲ್ಲದ, ಮಡಿಲಲ್ಲಿ ಮಗುವಿರುವ ಹುಡುಗಿ ಆ ಮೆಟ್ಟಿಲು ಹತ್ತುವುದು ಸುಲಭವಲ್ಲ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿದ್ದು ಸರಿಯಾದ ಹೆಜ್ಜೆ. ಬಾಂಗ್ಲಾದೇಶದ 2017ರ ಕಾಯ್ದೆ ಮಾತ್ರ ‘ವಿಶೇಷ ಸಂದರ್ಭ’ದ ಹೆಸರಲ್ಲಿ 18ಕ್ಕೆ ಮುಂಚಿನ ಮದುವೆಗೆ ಹಿಂಬಾಗಿಲು ತೆರೆದಿಟ್ಟಿತು.

ಬಡತನವೇ ಕಾರಣ ಎಂದು ಹೇಳಿ ಮುಗಿಸುವುದು ಸಾಲದು. ಬರಗಾಲವನ್ನೇ ನೋಡಿ. ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಮಳೆ ಕೈಕೊಟ್ಟ ವರ್ಷ ಬಾಲ್ಯವಿವಾಹ ಹೆಚ್ಚುತ್ತದೆ, ಭಾರತದಲ್ಲಿ ಕಡಿಮೆಯಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಅಲ್ಲಿ ಗಂಡಿನ ಕಡೆಯವರು ತೆರ ಕೊಡುತ್ತಾರೆ, ಮದುವೆಯಿಂದ ಮನೆಗೆ ದುಡ್ಡು ಬರುತ್ತದೆ. ಇಲ್ಲಿ ವರದಕ್ಷಿಣೆ ಹೊಂದಿಸಬೇಕು, ಹಾಗಾಗಿ ಮದುವೆ ಮುಂದಕ್ಕೆ ಹೋಗುತ್ತದೆ. ಹಸಿವು ಒಂದೇ, ಲೆಕ್ಕ ಬೇರೆ. ಯಾವ ಲೆಕ್ಕದಲ್ಲೂ ಹುಡುಗಿಯ ಇಷ್ಟಕ್ಕೆ ಜಾಗವಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಇನ್ನು ಜನರ ಬಾಯಿ. ಹೈಸ್ಕೂಲು ದೂರ, ದಾರಿಯಲ್ಲಿ ಚುಡಾಯಿಸುವವರು, ಶಾಲೆಯಲ್ಲಿ ಶೌಚಾಲಯವಿಲ್ಲ. ದೊಡ್ಡವಳಾದ ಮಗಳ ಬಗ್ಗೆ ಯಾರಾದರೂ ಏನಾದರೂ ಅಂದರೆ ಎಂಬ ಭಯ. ಈ ಭಯವನ್ನು ಮೂಢತನ ಎಂದು ತಳ್ಳಿಹಾಕಬಾರದು. ತಾಯಿಗೆ ಮಗಳ ಕ್ಷೇಮ ಬೇಕು, ಅವಳಿಗೆ ಕಾಣುವ ದಾರಿ ಮದುವೆಯೊಂದೇ. ಬಸ್ಸು ಬಂದರೆ, ಜೊತೆಗೆ ಹೋಗುವ ಹುಡುಗಿಯರು ಇದ್ದರೆ ಇನ್ನೊಂದು ದಾರಿಯೂ ಕಾಣುತ್ತದೆ ಅಲ್ವಾ?

ಬಾಂಗ್ಲಾದೇಶ 1994ರಿಂದ ಹಳ್ಳಿಯ ಹೈಸ್ಕೂಲು ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಟ್ಟಿತು. ತರಗತಿಗೆ ಬರಬೇಕು, ಮದುವೆಯಾಗಿರಬಾರದು ಎಂಬುದು ಷರತ್ತು. ಓದುವ ಮಗಳಿಂದ ಮನೆಗೆ ನಾಲ್ಕು ಕಾಸು ಬಂದರೆ ಮೇಲಿನ ಲೆಕ್ಕವೇ ಬದಲಾಗುತ್ತದೆ. ಆದರೆ ಆ ಷರತ್ತಿನಿಂದ, ಆಗಲೇ ಮದುವೆಯಾದ ಹುಡುಗಿ ಹೊರಗೇ ಉಳಿದಳು. ಟಾಂಜಾನಿಯಾದಲ್ಲಿ ಬಸಿರಾದವಳಿಗೆ ಸರ್ಕಾರಿ ಶಾಲೆಗೆ ಮರಳಲು ಅವಕಾಶ ಸಿಕ್ಕಿದ್ದು 2021ರಲ್ಲಿ. ಮದುವೆ ತಡೆಯುವ ಯೋಜನೆಯ ಜೊತೆಗೇ ಇವಳಿಗೂ ಒಂದು ಬೆಂಚು, ಮಗುವನ್ನು ನೋಡಿಕೊಳ್ಳಲು ಒಂದು ಕೂಸಿನಮನೆ ಬೇಕು. ಅದಕ್ಕೂ ಬಜೆಟ್ಟಿನಲ್ಲಿ ಹಣ ಇಡಬೇಕು.